ಹೊಸಿಲು ದಾಟಿದ ಮೇಲೇ ಅದು 'ಒಂದು': ಲಾಜಿಕ್ ಚಿಪ್‌ಗಳ ನಾಯ್ಸ್ ಮಾರ್ಜಿನ್ ಬಗ್ಗೆ

(ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸದ ಬರಹ ರೂಪ)

ನಾನು ಯಂತ್ರಗಳ ಕಂಟ್ರೋಲ್ ಕಾರ್ಡ್ ರಿಪೇರಿ ಮಾಡುವವನು. ಇವತ್ತು ಹೇಳಬೇಕೆಂದು ಬಂದಿರುವುದು ಒಂದೇ ಒಂದು ರಿಪೇರಿಯ ಕಥೆ. ಅದರಲ್ಲಿ ತಪ್ಪು ಮಾಡಿದವನು ನಾನೇ. ನಾನು ಹಾಕಿದ ಚಿಪ್ ಕೆಟ್ಟಿರಲಿಲ್ಲ, ಪಿನ್ನುಗಳು ಸರಿಯಾಗಿ ಹೊಂದುತ್ತಿದ್ದವು, ಮೇಜಿನ ಮೇಲೆ ಕಾರ್ಡ್ ಗಂಟೆಗಟ್ಟಲೆ ಸರಿಯಾಗಿ ಓಡಿತು. ಯಂತ್ರಕ್ಕೆ ಕೂರಿಸಿದ ಮೇಲೆ ಕೈಕೊಟ್ಟಿತು. ಯಾಕೆ ಅಂತ ತಿಳಿಯಲು ನನಗೆ ಮೂರು ದಿನ ಹಿಡಿಯಿತು. ನಿಮಗೆ ಅಷ್ಟು ದಿನ ಹಿಡಿಯಬಾರದು ಅನ್ನುವುದು ನನ್ನ ಆಸೆ.

ಪೀಣ್ಯದ ಒಂದು ಸಣ್ಣ ಕಾರ್ಖಾನೆ. ಅಲ್ಲಿ ಟ್ರಾನ್ಸ್‌ಫಾರ್ಮರ್ ಕಾಯಿಲ್ ಸುತ್ತುವ ಹಳೆಯ ಯಂತ್ರ ಇತ್ತು. ಬಾಬಿನ್ ತಿರುಗುತ್ತದೆ, ತಾಮ್ರದ ತಂತಿಯನ್ನು ಹಿಡಿದ ಗೈಡ್ ಆ ಕಡೆಯಿಂದ ಈ ಕಡೆಗೆ ಸರಿಯುತ್ತಾ ಸುತ್ತುಗಳನ್ನು ಪಕ್ಕಪಕ್ಕ ಕೂರಿಸುತ್ತದೆ, ಲೆಕ್ಕ ಮುಗಿದಾಗ ಬ್ರೇಕ್ ಬೀಳುತ್ತದೆ. ಒಳಗೆ ಎರಡು ಕಾರ್ಡ್. ಒಂದು ಪ್ರೊಸೆಸರ್ ಕಾರ್ಡ್, ಇನ್ನೊಂದು ಮೋಟರು, ಬ್ರೇಕುಗಳನ್ನು ನಡೆಸುವ ಔಟ್‌ಪುಟ್ ಕಾರ್ಡ್. ನಡುವೆ ಒಂದು ಮೀಟರಿಗಿಂತ ಸ್ವಲ್ಪ ಉದ್ದದ ರಿಬ್ಬನ್ ಕೇಬಲ್. ಕೇಬಲಿನ ಈ ತುದಿಯಲ್ಲಿ ಸಿಗ್ನಲ್ ಕಳಿಸುವುದು 74LS244, ಆ ತುದಿಯಲ್ಲಿ ಹಿಡಿದಿಟ್ಟುಕೊಳ್ಳುವುದು 74LS374. ಎಂಟು ಡೇಟಾ ಗೆರೆಗಳು, ಜೊತೆಗೆ ಒಂದು ಸ್ಟ್ರೋಬ್ ಗೆರೆ. ಸ್ಟ್ರೋಬ್ ಲೋನಿಂದ ಹೈಗೆ ಏರಿದ ಕ್ಷಣ ಡೇಟಾ ಗೆರೆಗಳ ಮೇಲೆ ಏನಿದೆಯೋ ಅದನ್ನು 374 ಹಿಡಿದುಕೊಳ್ಳುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಿಡಿಲಿನ ದಿನ ಆ 374 ಸುಟ್ಟುಹೋಯಿತು. ನಾನು ಎಸ್‌ಪಿ ರೋಡಿಗೆ ಹೋಗಿ ಕೇಳಿದರೆ ಅಂಗಡಿಯಲ್ಲಿ 74LS374 ಇರಲಿಲ್ಲ. "ಎಚ್‌ಸಿ ಇದೆ ಸಾರ್, ಅದೇ ಪಿನ್ನು, ಕರೆಂಟೂ ಕಡಿಮೆ ತಗೊಳ್ಳುತ್ತೆ" ಅಂದರು. ಅವರು ಹೇಳಿದ ಎರಡೂ ಮಾತು ನಿಜ. 74HC374 ತಂದೆ, ಹಾಕಿದೆ. ಮೇಜಿನ ಮೇಲೆ ಎರಡೂ ಕಾರ್ಡುಗಳನ್ನು ಅದೇ ಕೇಬಲಿನಿಂದ ಜೋಡಿಸಿ ಓಡಿಸಿದೆ. ಒಂದು ತಪ್ಪೂ ಇಲ್ಲ.

ಯಂತ್ರಕ್ಕೆ ಕೂರಿಸಿದ ಮರುದಿನ ಮಾಲೀಕರ ಫೋನ್. "ಸಾರ್, ಬ್ರೇಕ್ ಬಿದ್ದಾಗ ಗೈಡು ಎಗರುತ್ತೆ. ಯಾವಾಗಲೂ ಅಲ್ಲ. ಹತ್ತು ಹದಿನೈದು ಕಾಯಿಲಿಗೆ ಒಂದು ಸಲ." ಹೋಗಿ ನೋಡಿದೆ. ಅವರು ಹೇಳಿದ ಹಾಗೇ ಇತ್ತು. ಮೊದಲು ಬ್ರೇಕ್ ಸೊಲೆನಾಯ್ಡಿನ ಡಯೋಡ್ ಅನುಮಾನಿಸಿದೆ, ಬದಲಿಸಿದೆ. ಪವರ್ ಸಪ್ಲೈ ಕೆಪಾಸಿಟರ್ ಬದಲಿಸಿದೆ. ಕೇಬಲಿನ ಕನೆಕ್ಟರ್ ತೊಳೆದೆ. ಗೈಡು ಎಗರುವುದು ನಿಲ್ಲಲಿಲ್ಲ. ನಾನೇ ಹಾಕಿದ ಹೊಸ ಚಿಪ್ಪಿನ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ, ಯಾಕೆಂದರೆ ಅದು ಮೇಜಿನ ಮೇಲೆ ಪರೀಕ್ಷೆಯಲ್ಲಿ ಪಾಸಾಗಿತ್ತಲ್ಲ.

ಕಥೆಯನ್ನು ಇಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತೇನೆ. ಒಂದು ತಂತಿಯ ಮೇಲೆ 2.3 ವೋಲ್ಟ್ ಇದೆ ಅಂದುಕೊಳ್ಳಿ. ಅದು ಹೈಯೋ, ಲೋವೋ?

ಹೈ ಅಂತ ಅರ್ಧ ಜನ, ಲೋ ಅಂತ ಕೆಲವರು ಹೇಳುತ್ತಿದ್ದೀರಿ. ಸರಿಯಾದ ಉತ್ತರ ಏನೆಂದರೆ, ತಂತಿಗೆ ಅದು ಗೊತ್ತಿಲ್ಲ. ತಂತಿಯ ಮೇಲೆ ಇರುವುದು ವೋಲ್ಟೇಜ್ ಮಾತ್ರ. ಅದನ್ನು ಹೈ ಅಥವಾ ಲೋ ಅಂತ ತೀರ್ಮಾನಿಸುವುದು ಆ ತುದಿಯಲ್ಲಿ ಕೇಳಿಸಿಕೊಳ್ಳುವ ಚಿಪ್. ಒಂದೇ 2.3 ವೋಲ್ಟನ್ನು ಒಂದು ಚಿಪ್ ಹೈ ಅಂತಲೂ ಇನ್ನೊಂದು ಲೋ ಅಂತಲೂ ಓದಬಹುದು. ಪ್ರತಿ ಇನ್‌ಪುಟ್ಟಿಗೂ ಒಂದು ಹೊಸಿಲು ಇರುತ್ತದೆ. ಹೊರಗಿನಿಂದ ಬಂದ ಸಿಗ್ನಲ್ ಆ ಹೊಸಿಲನ್ನು ದಾಟಿ ಒಳಗೆ ಕಾಲಿಟ್ಟರೆ ಮಾತ್ರ 'ಒಂದು'. ಹೊಸಿಲಿನ ಮೇಲೆ ಕೂರಬೇಡ ಅಂತ ಮನೆಯಲ್ಲಿ ಅಜ್ಜಿ ಗದರುತ್ತಿದ್ದರಲ್ಲ, ಲಾಜಿಕ್ ಸಿಗ್ನಲ್ಲಿಗೂ ಅದೇ ಮಾತು. ಹೊಸಿಲಿನ ಮೇಲೆ ಕೂತ ಸಿಗ್ನಲ್ ಒಳಗಿನದೂ ಅಲ್ಲ, ಹೊರಗಿನದೂ ಅಲ್ಲ.

ಈಗ ಡೇಟಾಶೀಟಿಗೆ ಬರೋಣ. ಅದರಲ್ಲಿ ನಾಲ್ಕು ಅಂಕಿಗಳಿವೆ. ಕಳಿಸುವ ಚಿಪ್ ಎರಡು ಮಾತು ಕೊಡುತ್ತದೆ. "ನಾನು ಹೈ ಅಂದರೆ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ" ಅನ್ನುವುದು VOH ನ ಕನಿಷ್ಠ. "ನಾನು ಲೋ ಅಂದರೆ ಇದಕ್ಕಿಂತ ಮೇಲೆ ಏರುವುದಿಲ್ಲ" ಅನ್ನುವುದು VOL ನ ಗರಿಷ್ಠ. ಕೇಳಿಸಿಕೊಳ್ಳುವ ಚಿಪ್ ಎರಡು ಷರತ್ತು ಹಾಕುತ್ತದೆ. "ಇದಕ್ಕಿಂತ ಮೇಲೆ ಕೊಟ್ಟರೆ ಖಂಡಿತ ಹೈ ಅಂತ ಓದುತ್ತೇನೆ" ಅನ್ನುವುದು VIH ನ ಕನಿಷ್ಠ. "ಇದಕ್ಕಿಂತ ಕೆಳಗೆ ಕೊಟ್ಟರೆ ಖಂಡಿತ ಲೋ ಅಂತ ಓದುತ್ತೇನೆ" ಅನ್ನುವುದು VIL ನ ಗರಿಷ್ಠ. VIL ಮತ್ತು VIH ನಡುವಿನ ಜಾಗದ ಬಗ್ಗೆ ಚಿಪ್ ಏನೂ ಮಾತು ಕೊಟ್ಟಿಲ್ಲ. ಅಲ್ಲಿ ಏನು ಓದಿದರೂ ಅದು ತಪ್ಪು ಮಾಡಿದ ಹಾಗಲ್ಲ.

ಕಳಿಸುವವನ ಮಾತಿಗೂ ಕೇಳುವವನ ಷರತ್ತಿಗೂ ನಡುವೆ ಉಳಿಯುವ ಅಂತರವೇ ನಾಯ್ಸ್ ಮಾರ್ಜಿನ್.

```
NMH = VOH(min) - VIH(min)
NML = VIL(max) - VOL(max)
```

ಎರಡು ಹೊಲಗಳ ನಡುವೆ ಬದು ಬಿಡುತ್ತೇವಲ್ಲ, ಹಾಗೆ. ದಾರಿಯಲ್ಲಿ ಎಷ್ಟು ಗದ್ದಲ ಸೇರಿಕೊಂಡರೂ, ಅದು ಈ ಬದುವಿನ ಅಗಲದೊಳಗೆ ಇದ್ದರೆ ಕೇಳುವವನಿಗೆ ಗೊಂದಲ ಆಗುವುದಿಲ್ಲ. ಒಂದು ಗೇಟಿನಿಂದ ಹೊರಟ ಹೈ ದಾರಿಯಲ್ಲಿ ಅರ್ಧ ವೋಲ್ಟ್ ಕಳೆದುಕೊಂಡರೂ ಮುಂದಿನ ಗೇಟ್ ಅದನ್ನು ಹೈ ಅಂತಲೇ ಓದಿ ತನ್ನ ಔಟ್‌ಪುಟ್ಟಿನಲ್ಲಿ ಪೂರ್ತಿ ಹೈ ಮಾಡಿ ಕಳಿಸುತ್ತದೆ. ಸವೆದದ್ದು ಅಲ್ಲಿಗೆ ಅಳಿಸಿಹೋಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಸಾವಿರ ಗೇಟುಗಳನ್ನು ಸಾಲಾಗಿ ಜೋಡಿಸಿದರೂ ಸಿಗ್ನಲ್ ಹಾಳಾಗದೆ ಹೋಗುವುದು ಇದರಿಂದ. ಅನಲಾಗ್ ಆಂಪ್ಲಿಫೈಯರುಗಳನ್ನು ಹೀಗೆ ಸಾಲಾಗಿ ಇಟ್ಟರೆ ಗದ್ದಲವೂ ಕೂಡುತ್ತಾ ಹೋಗುತ್ತದೆ.

ಅಂಕಿಗಳನ್ನು ಇಟ್ಟು ನೋಡೋಣ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1960ರ ದಶಕದಲ್ಲಿ ತಂದ 7400 ಸರಣಿಯ ಟಿಟಿಎಲ್‌ನಲ್ಲಿ VOH ಕನಿಷ್ಠ 2.4, VIH ಕನಿಷ್ಠ 2.0. ಮಾರ್ಜಿನ್ 0.4 ವೋಲ್ಟ್. ಕೆಳಗಡೆ VIL 0.8, VOL 0.4. ಅಲ್ಲೂ 0.4. ಆಮೇಲೆ ಬಂದ LS ನಲ್ಲಿ ಸಾಮಾನ್ಯ ಗೇಟಿನ VOH 2.7 ಆಯಿತು, ಹಾಗಾಗಿ ಮೇಲಿನ ಮಾರ್ಜಿನ್ 0.7.

ಐದು ವೋಲ್ಟ್ ಸಪ್ಲೈ ಕೊಟ್ಟರೂ ಟಿಟಿಎಲ್ ಹೈ ಯಾಕೆ ಐದಕ್ಕೆ ಏರುವುದಿಲ್ಲ? ಅದರ ಔಟ್‌ಪುಟ್ಟನ್ನು ಮೇಲಕ್ಕೆ ಎಳೆಯುವ ಭಾಗದಲ್ಲಿ ಎರಡು ಸಿಲಿಕಾನ್ ಜಂಕ್ಷನ್‌ಗಳು ಸಾಲಾಗಿ ಬರುತ್ತವೆ. ಒಂದೊಂದೂ ಸುಮಾರು 0.7 ವೋಲ್ಟ್ ತಿನ್ನುತ್ತದೆ. ಉಳಿಯುವುದು 3.5ರ ಆಸುಪಾಸು, ಲೋಡ್ ಹೆಚ್ಚಾದರೆ ಇನ್ನೂ ಕಡಿಮೆ. ಅದರ ಇನ್‌ಪುಟ್ ಹೊಸಿಲೂ ಜಂಕ್ಷನ್‌ಗಳ ಲೆಕ್ಕವೇ, ನಿಜದಲ್ಲಿ 1.1ರಿಂದ 1.4 ವೋಲ್ಟಿನ ಸುತ್ತ ಇರುತ್ತದೆ. ಹೊಸಿಲು ಕೆಳಗೆ ಇರುವುದರಿಂದ 3.5 ಬಂದರೂ ಅದಕ್ಕೆ ಧಾರಾಳ. ಟಿಟಿಎಲ್ ತನ್ನ ಮನೆಯ ಅಳತೆಗೆ ತನ್ನ ಬಾಗಿಲನ್ನು ಕಟ್ಟಿಕೊಂಡಿದೆ.

ಸಿಮಾಸ್‌ನ ಮನೆ ಬೇರೆ. HC ಚಿಪ್ಪಿನಲ್ಲಿ ಮೇಲಕ್ಕೆ ಎಳೆಯುವುದು ಒಂದು ಮಾಸ್‌ಫೆಟ್, ಕೆಳಕ್ಕೆ ಎಳೆಯುವುದು ಇನ್ನೊಂದು. ಎರಡೂ ಸಮಬಲದವು. ಹಾಗಾಗಿ ಹೊಸಿಲು ಸಪ್ಲೈಯ ನಟ್ಟನಡುವೆ, 5 ವೋಲ್ಟಿಗೆ ಸುಮಾರು 2.5ರಲ್ಲಿ ಬೀಳುತ್ತದೆ. ಪ್ರತಿ ಚಿಪ್ಪಿಗೂ ಅದು ಸ್ವಲ್ಪ ಆಚೀಚೆ ಆಗುವುದರಿಂದ ತಯಾರಕರು ಎರಡೂ ಕಡೆ ಜಾಗ ಬಿಟ್ಟು ಮಾತು ಕೊಡುತ್ತಾರೆ. 4.5 ವೋಲ್ಟ್ ಸಪ್ಲೈಗೆ VIH 3.15, VIL 1.35 ಅಂತ ಡೇಟಾಶೀಟಿನಲ್ಲಿದೆ. ಸಪ್ಲೈಯ 0.7 ಪಾಲು, 0.3 ಪಾಲು ಅಂತ ನೆನಪಿಟ್ಟರೆ ಸಾಕು. 5 ವೋಲ್ಟಿಗೆ VIH 3.5. ಅದರ ಔಟ್‌ಪುಟ್ ಹಗುರ ಲೋಡಿನಲ್ಲಿ ಹೆಚ್ಚುಕಡಿಮೆ ಸಪ್ಲೈವರೆಗೂ ಏರುತ್ತದೆ. ಆದ್ದರಿಂದ HCಯಿಂದ HCಗೆ ಹೋಗುವ ಗೆರೆಯಲ್ಲಿ ಮಾರ್ಜಿನ್ ಒಂದು ವೋಲ್ಟಿಗಿಂತ ಹೆಚ್ಚು, ಟಿಟಿಎಲ್‌ಗಿಂತ ಅದು ಎಷ್ಟೋ ಗಟ್ಟಿ.

ಈಗ LS ಕಳಿಸಿ HC ಕೇಳಿದರೆ? ಕಳಿಸುವವನು ಕೊಟ್ಟ ಮಾತು 2.7. ಕೇಳುವವನ ಷರತ್ತು 3.5. ಕಳೆದರೆ ಮೈನಸ್ 0.8. ಬದು ಕಿರಿದಾಗಿದೆ ಅಂತಲ್ಲ, ಒಬ್ಬರ ಹೊಲ ಇನ್ನೊಬ್ಬರ ಹೊಲದೊಳಗೆ ಬಂದುಬಿಟ್ಟಿದೆ.

ಹಾಗಾದರೆ ಮೇಜಿನ ಮೇಲೆ ಯಾಕೆ ಓಡಿತು? ಇಲ್ಲೇ ಎಲ್ಲರೂ ಎಡವುವುದು, ನಾನೂ ಎಡವಿದ್ದು. 2.7 ಮತ್ತು 3.5 ಎರಡೂ ಕೆಟ್ಟ ಸಂದರ್ಭದ ಅಂಕಿಗಳು. ನಿಮ್ಮ ಕೈಯಲ್ಲಿರುವ LS ಚಿಪ್ 3.4 ಕೊಡುತ್ತಿರಬಹುದು, ನಿಮ್ಮ ಕೈಯಲ್ಲಿರುವ HC ಚಿಪ್ಪಿನ ನಿಜವಾದ ಹೊಸಿಲು 2.5 ಇರಬಹುದು. ಆಗ 0.9 ವೋಲ್ಟ್ ಬದು ಇದ್ದೇ ಇದೆ. ಶಾಂತವಾದ ಮೇಜಿನ ಮೇಲೆ ಅದು ಯಾವ ತಕರಾರೂ ಇಲ್ಲದೆ ಓಡುತ್ತದೆ. ಆದರೆ ಅದು ಯಾರೂ ಮಾತು ಕೊಡದ ಬದು. ಮುಂದಿನ ಬ್ಯಾಚಿನ ಚಿಪ್ಪಿನಲ್ಲಿ, ಸಪ್ಲೈ ಇಳಿದ ದಿನ, ಲೋಡ್ ಹೆಚ್ಚಿದ ಗೆರೆಯಲ್ಲಿ ಅದು ಎಷ್ಟು ಉಳಿಯುತ್ತದೆ ಅಂತ ಯಾರೂ ಹೇಳಲಾರರು. ಡೇಟಾಶೀಟಿನಲ್ಲಿ 'ಟಿಪಿಕಲ್' ಅಂತ ಒಂದು ಕಾಲಂ ಇರುತ್ತದಲ್ಲ, ಅದನ್ನು ನೋಡಿ ಡಿಸೈನ್ ಮಾಡಬೇಡಿ ಅಂತ ಮೇಷ್ಟ್ರುಗಳು ಹೇಳುವುದು ಇದಕ್ಕೇ.

ಯಂತ್ರದ ಬಳಿಗೆ ವಾಪಸು ಹೋಗೋಣ. ಮೂರನೆಯ ದಿನ ನಾನು ಸ್ಕೋಪ್ ಹೊತ್ತುಕೊಂಡು ಹೋದೆ. ಪ್ರೋಬ್ ಇಟ್ಟಿದ್ದು 374ರ 11ನೇ ಪಿನ್ನಿನ ಮೇಲೆ. ಅದು ಕ್ಲಾಕ್, ಅಂದರೆ ಸ್ಟ್ರೋಬ್ ಗೆರೆ. ಪ್ರೋಬಿನ ಗ್ರೌಂಡನ್ನು ಅದೇ ಚಿಪ್ಪಿನ 10ನೇ ಪಿನ್ನಿಗೆ ಗಿಡ್ಡ ತಂತಿಯಿಂದ ಹಾಕಿದೆ. ಈ ವಿಷಯ ಸ್ವಲ್ಪ ಒತ್ತಿ ಹೇಳುತ್ತೇನೆ. ಕೇಳುವ ಚಿಪ್ ವೋಲ್ಟೇಜನ್ನು ಅಳೆಯುವುದು ತನ್ನ ಗ್ರೌಂಡ್ ಪಿನ್ನಿನಿಂದ. ನೀವು ಪ್ರೋಬಿನ ಗ್ರೌಂಡನ್ನು ಯಂತ್ರದ ಚಾಸಿಗೋ ಪವರ್ ಸಪ್ಲೈಗೋ ಹಾಕಿದರೆ, ಚಿಪ್ ಕಾಣುತ್ತಿರುವುದು ನಿಮಗೆ ಕಾಣುವುದಿಲ್ಲ. ಉದ್ದ ಗ್ರೌಂಡ್ ತಂತಿ ಹಾಕಿದರೆ ಇಲ್ಲದ ಗದ್ದಲವೂ ಪರದೆಯ ಮೇಲೆ ಕಾಣುತ್ತದೆ.

ಸ್ಟ್ರೋಬ್ ಸುಮ್ಮನಿದ್ದಾಗ ಹೈ ಮಟ್ಟ 3.2 ವೋಲ್ಟ್ ತೋರಿಸಿತು. 3.5 ಕೂಡ ಇಲ್ಲ. ಯಾಕಪ್ಪಾ ಅಂತ ಕಾರ್ಡನ್ನು ತಿರುಗಿಸಿ ನೋಡಿದರೆ, ಕನೆಕ್ಟರಿನ ಪಕ್ಕದಲ್ಲಿ ರೆಸಿಸ್ಟರ್ ಪ್ಯಾಕುಗಳು. ಪ್ರತಿ ಗೆರೆಯಿಂದ 5 ವೋಲ್ಟಿಗೆ 220 ಓಮ್, ಗ್ರೌಂಡಿಗೆ 330 ಓಮ್. ಹಳೆಯ ಕಾರ್ಡುಗಳಲ್ಲಿ ಉದ್ದ ಕೇಬಲಿನ ತುದಿಯಲ್ಲಿ ಈ ಜೋಡಿ ಸಾಮಾನ್ಯ. ಕೇಬಲಿನ ತುದಿಗೆ ಬಂದ ಸಿಗ್ನಲ್ ಗೋಡೆಗೆ ಬಡಿದ ಚೆಂಡಿನ ಹಾಗೆ ಹಿಂದಕ್ಕೆ ಪುಟಿಯದಿರಲಿ ಅಂತ ಹಾಕುವ ಟರ್ಮಿನೇಟರ್ ಅದು. ಈಗ ಲೆಕ್ಕ ಹಾಕಿ. ಯಾರೂ ಎಳೆಯದಿದ್ದರೆ ಆ ಗೆರೆ ಎಲ್ಲಿ ನಿಲ್ಲುತ್ತದೆ?

```
5 V x 330 / (220 + 330) = 3.0 V
```

ಟಿಟಿಎಲ್ ಲೋಕದಲ್ಲಿ ಇದು ಬಹಳ ಜಾಣತನದ ಕೆಲಸ. ಡ್ರೈವರ್ ಸೋತರೂ ರೆಸಿಸ್ಟರುಗಳೇ ಗೆರೆಯನ್ನು 3.0ಕ್ಕೆ ಎತ್ತಿ ಹಿಡಿಯುತ್ತವೆ. ಟಿಟಿಎಲ್ ಷರತ್ತು 2.0, ಹಾಗಾಗಿ ಒಂದು ವೋಲ್ಟ್ ಪೂರ್ತಿ ಮಾರ್ಜಿನ್. ಆ ಕಾರ್ಡ್ ಮಾಡಿದವರು ಇದನ್ನೆಲ್ಲ ಯೋಚಿಸಿಯೇ ಮಾಡಿದ್ದಾರೆ. ಆದರೆ ನಾನು ಆ ತುದಿಯಲ್ಲಿ HC ಕೂರಿಸಿದ್ದೆ. ಅದರ ಷರತ್ತು 3.5. ಅದರ ನಿಜವಾದ ಹೊಸಿಲಿಗೂ 3.2ಕ್ಕೂ ನಡುವೆ ಉಳಿದದ್ದು ಸುಮಾರು 0.7 ವೋಲ್ಟ್ ಮಾತ್ರ.

ಸ್ಕೋಪಿನ ಟ್ರಿಗರನ್ನು 2.5 ವೋಲ್ಟಿಗೆ ಇಳಿಯುವ ಅಂಚಿಗೆ ಇಟ್ಟು ಕಾಯಿಲ್ ಸುತ್ತಲು ಬಿಟ್ಟೆ. ಬ್ರೇಕ್ ಬಿತ್ತು, ಏನೂ ಇಲ್ಲ. ಇನ್ನೊಂದು, ಏನೂ ಇಲ್ಲ. ಏಳನೆಯದೋ ಎಂಟನೆಯದೋ ಇರಬೇಕು, ಟ್ರಿಗರ್ ಆಯಿತು, ಅದೇ ಕ್ಷಣ ಗೈಡೂ ಎಗರಿತು. ಪರದೆಯ ಮೇಲೆ 3.2ರಲ್ಲಿ ನೇರವಾಗಿ ಹೋಗುತ್ತಿದ್ದ ಗೆರೆಯಲ್ಲಿ ಒಂದು ಗುಳಿ. ತಳ 2.3 ವೋಲ್ಟ್, ಅಗಲ ಅರವತ್ತು ಎಪ್ಪತ್ತು ನ್ಯಾನೊಸೆಕೆಂಡ್. ಅಷ್ಟೇ.

ಆ ಗುಳಿಯ ಒಳಗೆ ಏನಾಯಿತು ನೋಡಿ. ಗೆರೆ 2.5ರಿಂದ ಕೆಳಗೆ ಇಳಿದಾಗ HC ಚಿಪ್ "ಸ್ಟ್ರೋಬ್ ಲೋ ಆಯಿತು" ಅಂದುಕೊಂಡಿತು. ವಾಪಸು ಏರಿದಾಗ "ಸ್ಟ್ರೋಬ್ ಲೋನಿಂದ ಹೈಗೆ ಏರಿತು" ಅಂದುಕೊಂಡಿತು. ಏರಿದ ಕ್ಷಣ ಡೇಟಾ ಗೆರೆಗಳ ಮೇಲೆ ಇದ್ದದ್ದನ್ನು ಹಿಡಿದುಕೊಂಡಿತು. ಆ ಹೊತ್ತಿಗೆ ಪ್ರೊಸೆಸರ್ ಅದೇ ಡೇಟಾ ಗೆರೆಗಳ ಮೇಲೆ ಬೇರೆ ಯಾರಿಗೋ ಬೇರೆ ಏನನ್ನೋ ಕಳಿಸುತ್ತಿತ್ತು. ಆ ಅಂಕಿ ಗೈಡ್ ಮೋಟರಿನ ಲ್ಯಾಚಿಗೆ ಬಂದು ಕೂತಿತು. ಮೋಟರು ಎಗರಿತು. ಡೇಟಾ ಗೆರೆಗಳ ಮೇಲೂ ಇಂಥ ಗುಳಿಗಳು ಬಿದ್ದಿರುತ್ತವೆ, ಆದರೆ ಸ್ಟ್ರೋಬ್ ಬರುವ ಕ್ಷಣದಲ್ಲಿ ಬಿದ್ದರೆ ಮಾತ್ರ ಅವುಗಳಿಂದ ತೊಂದರೆ. ಕ್ಲಾಕ್ ಗೆರೆಗೆ ಆ ವಿನಾಯಿತಿ ಇಲ್ಲ. ಯಾವಾಗ ಬಿದ್ದರೂ ಅದು ಒಂದು ಆಜ್ಞೆ. ಇಂಥ ತೊಂದರೆ ಹುಡುಕುವಾಗ ಮೊದಲು ಕ್ಲಾಕ್, ರಿಸೆಟ್, ಸ್ಟ್ರೋಬ್ ಗೆರೆಗಳಿಗೇ ಪ್ರೋಬ್ ಇಡಿ.

ಹಳೆಯ LS374 ಇದ್ದಾಗಲೂ ಈ ಗುಳಿ ಇತ್ತೇ? ಖಂಡಿತ ಇತ್ತು. ಸೊಲೆನಾಯ್ಡ್ ಅದೇ, ಕೇಬಲ್ ಅದೇ. ಆದರೆ LSನ ಹೊಸಿಲು ಎಲ್ಲೋ 1.2ರ ಹತ್ತಿರ ಇತ್ತು. ಗುಳಿಯ ತಳ 2.3, ಹೊಸಿಲಿಗಿಂತ ಇನ್ನೂ ಒಂದು ವೋಲ್ಟ್ ಮೇಲೆ. ಅಷ್ಟು ವರ್ಷ ಆ ಗದ್ದಲ ಅಲ್ಲೇ ಇತ್ತು, ಯಾರ ಕಿವಿಗೂ ಬಿದ್ದಿರಲಿಲ್ಲ.

ನಾನು ಮೊದಲು ಯೋಚಿಸಿದ ಪರಿಹಾರ ಪುಲ್‌ಅಪ್ ರೆಸಿಸ್ಟರ್. LSನಿಂದ HCಗೆ ಹೋಗುವ ಗೆರೆಗೆ 5 ವೋಲ್ಟಿನಿಂದ ಒಂದೆರಡು ಕಿಲೋಓಮ್ ಹಾಕುವುದು ಹಳೆಯ ಪದ್ಧತಿ, ಗಿಡ್ಡ ಗೆರೆಗಳಲ್ಲಿ ಅದು ಕೆಲಸ ಮಾಡುತ್ತದೆ. LS ತನ್ನ ಶಕ್ತಿಯಿಂದ 3.5ವರೆಗೆ ಎತ್ತುತ್ತದೆ, ಅಲ್ಲಿಂದ ಮೇಲಕ್ಕೆ ರೆಸಿಸ್ಟರ್ ಎತ್ತುತ್ತದೆ. ನಿಧಾನ ಆಗುತ್ತದೆ ಅಷ್ಟೆ. ಆದರೆ ಈ ಗೆರೆಯಲ್ಲಿ ಗ್ರೌಂಡಿಗೆ 330 ಓಮ್ ಕೂತಿದೆ. ಅದನ್ನು ಮೀರಿ ಗೆರೆಯನ್ನು ಬರೀ 3.5ಕ್ಕೆ ತರಬೇಕಾದರೂ ಮೇಲಿನ ರೆಸಿಸ್ಟರ್ 220ರ ಬದಲು ಸುಮಾರು 140 ಓಮ್ ಆಗಬೇಕು. ಆಗ ಲೋ ಮಾಡುವಾಗ 244 ಸುಮಾರು 30 ಮಿಲಿಆಂಪ್ ಎಳೆದು ಗ್ರೌಂಡಿಗೆ ಹಾಕಬೇಕಾಗುತ್ತದೆ. ಅದು ಮಾತು ಕೊಟ್ಟಿರುವುದು 24ಕ್ಕೆ. ಮೇಲೆ ಸೊನ್ನೆ ಮಾರ್ಜಿನ್ ಸಂಪಾದಿಸಲು ಕೆಳಗೆ ಇದ್ದದ್ದನ್ನೂ ಕಳೆದುಕೊಂಡ ಹಾಗೆ.

ಪರಿಹಾರ ಬಂದದ್ದು ಒಂದು ಅಕ್ಷರದಿಂದ. 74HC374 ತೆಗೆದು 74HCT374 ಹಾಕಿದೆ. ಆ T ಅಂದರೆ ಟಿಟಿಎಲ್. ಒಳಗೆ ಅದೇ ಸಿಮಾಸ್. ಆದರೆ ಇನ್‌ಪುಟ್ಟಿನ ಎರಡು ಮಾಸ್‌ಫೆಟ್‌ಗಳ ಬಲ ಸಮ ಇಲ್ಲ, ಕೆಳಕ್ಕೆ ಎಳೆಯುವುದಕ್ಕೆ ಬಲ ಹೆಚ್ಚು ಕೊಟ್ಟಿದ್ದಾರೆ. ಅದರಿಂದ ಹೊಸಿಲು 2.5ರಿಂದ 1.4ರ ಸುಮಾರಿಗೆ ಇಳಿದಿದೆ. ಷರತ್ತು ಟಿಟಿಎಲ್‌ನದೇ, 2.0 ಮತ್ತು 0.8. ಚಿಪ್ ಬದಲಿಸಿ ಮತ್ತೆ ಸ್ಕೋಪ್ ಇಟ್ಟೆ. ಗುಳಿ ಮೊದಲಿನ ಹಾಗೇ ಬೀಳುತ್ತಿತ್ತು, 2.3ಕ್ಕೆ. ಗೈಡು ಮಾತ್ರ ಅಲುಗಾಡಲಿಲ್ಲ. ಅರ್ಧ ದಿನ ಅಲ್ಲೇ ಕೂತು ನೋಡಿದೆ.

HCTಗೂ ಒಂದು ಮಿತಿ ಇದೆ, ಹೇಳಿಬಿಡುತ್ತೇನೆ. ಸಿಮಾಸ್ ಇನ್‌ಪುಟ್ ಪೂರ್ತಿ 5ರಲ್ಲಿ ಅಥವಾ ಪೂರ್ತಿ ಸೊನ್ನೆಯಲ್ಲಿ ಇದ್ದರೆ ಒಂದು ಮಾಸ್‌ಫೆಟ್ ಸಂಪೂರ್ಣ ಮುಚ್ಚಿರುತ್ತದೆ, ಕರೆಂಟ್ ಹರಿಯುವುದಿಲ್ಲ. 3 ವೋಲ್ಟಿನಲ್ಲಿ ನಿಂತರೆ ಎರಡೂ ಅರೆತೆರೆದ ಬಾಗಿಲುಗಳು. ಸಪ್ಲೈಯಿಂದ ಗ್ರೌಂಡಿಗೆ ಸದಾ ಸ್ವಲ್ಪ ಕರೆಂಟ್ ಸೋರುತ್ತದೆ, ಪ್ರತಿ ಇನ್‌ಪುಟ್ಟಿಗೆ ಒಂದೆರಡು ಮಿಲಿಆಂಪ್‌ವರೆಗೂ. ಗೋಡೆಯ ಸಪ್ಲೈಯಿಂದ ಓಡುವ ಯಂತ್ರಕ್ಕೆ ಇದು ಲೆಕ್ಕಕ್ಕಿಲ್ಲ. ಬ್ಯಾಟರಿಯಿಂದ ಓಡುವ ಸಾಧನವಾದರೆ ಯೋಚಿಸಬೇಕು.

ಇಲ್ಲಿ ಒಂದು ಸಣ್ಣ ವಿಷಯಾಂತರ ಮಾಡುತ್ತೇನೆ, ಯಾಕೆಂದರೆ ನಿಮ್ಮ ಲ್ಯಾಬಿನಲ್ಲಿ ಇದನ್ನು ದಿನಾ ನೋಡುತ್ತೇನೆ. ಗೇಟಿನ ಔಟ್‌ಪುಟ್ ಕಣ್ಣಿಗೆ ಕಾಣಲಿ ಅಂತ ಅದೇ ಗೆರೆಯಿಂದ ಗ್ರೌಂಡಿಗೆ 330 ಓಮ್ ಮತ್ತು ಎಲ್‌ಇಡಿ ಹಾಕುತ್ತೀರಿ. VOH ಅನ್ನುವುದು ಇಂತಿಷ್ಟು ಕರೆಂಟಿಗೆ ಮಾತ್ರ ಕೊಟ್ಟ ಮಾತು. LS ಗೇಟಿಗೆ ಆ 2.7 ಬರುವುದು 0.4 ಮಿಲಿಆಂಪ್ ಎಳೆದಾಗ. ಎಲ್‌ಇಡಿ ಅದಕ್ಕಿಂತ ಎಷ್ಟೋ ಪಟ್ಟು ಎಳೆಯುತ್ತದೆ, ಹೈ ಮಟ್ಟ ಕುಸಿಯುತ್ತದೆ, ಮುಂದಿನ ಚಿಪ್ಪಿಗೆ ಅರೆಬರೆ ಹೈ ಸಿಗುತ್ತದೆ. ಎಲ್‌ಇಡಿ ಉರಿಯುತ್ತಿದೆ, ಆದರೂ ಸರ್ಕ್ಯೂಟ್ ತಪ್ಪು ಮಾಡುತ್ತಿದೆ ಅಂತ ತಲೆ ಕೆರೆದುಕೊಳ್ಳುತ್ತೀರಿ. ಎಲ್‌ಇಡಿಯನ್ನು 5 ವೋಲ್ಟಿನಿಂದ ಗೇಟಿನ ಕಡೆಗೆ ಹಾಕಿ. ಲೋ ಇದ್ದಾಗ ಉರಿಯುತ್ತದೆ, LS ಕೆಳಕ್ಕೆ ಎಳೆಯುವುದರಲ್ಲಿ ಗಟ್ಟಿ, ಹೈ ಮಟ್ಟಕ್ಕೆ ಧಕ್ಕೆ ಇಲ್ಲ. ಇಲ್ಲವೇ ಎಲ್‌ಇಡಿಗೇ ಬೇರೆ ಒಂದು ಗೇಟ್ ಕೊಡಿ.

LS ಯಾರು ಬಳಸುತ್ತಾರೆ ಈಗ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸುತ್ತಿರಬಹುದು. ನಿಮ್ಮ ಕೈಯಲ್ಲೇ ಇದೇ ಕಥೆಯ ಹೊಸ ರೂಪ ಇದೆ. ಗಣೇಶನ ಮಂಟಪಕ್ಕೆ ಬಣ್ಣ ಬದಲಿಸುವ WS2812B ಎಲ್‌ಇಡಿ ಪಟ್ಟಿ ತರುತ್ತೀರಿ, ESP32 ಬೋರ್ಡಿನಿಂದ ಓಡಿಸುತ್ತೀರಿ. ಪಟ್ಟಿಗೆ 5 ವೋಲ್ಟ್ ಸಪ್ಲೈ, ಬೋರ್ಡಿನ ಸಿಗ್ನಲ್ 3.3 ವೋಲ್ಟ್. WS2812Bಯ ಹಳೆಯ ಡೇಟಾಶೀಟಿನಲ್ಲಿ VIH ಸಪ್ಲೈಯ 0.7 ಪಾಲು ಅಂತ ಇದೆ, ಅಂದರೆ 3.5. ಬೋರ್ಡ್ ಒಂದು ಹನಿ ವೋಲ್ಟೇಜನ್ನೂ ಕಳೆದುಕೊಳ್ಳದೆ 3.3 ಕೊಟ್ಟರೂ 0.2 ಕೊರತೆ. ESP32 ಮಾತು ಕೊಟ್ಟಿರುವುದಂತೂ ತನ್ನ ಸಪ್ಲೈಯ 0.8 ಪಾಲು, 2.64. ಮೇಜಿನ ಮೇಲೆ ಹತ್ತು ಇಂಚಿನ ತಂತಿಯಲ್ಲಿ ಓಡುತ್ತದೆ. ಮಂಟಪದ ಹಿಂದಿನಿಂದ ಮೂರು ಮೀಟರ್ ತಂತಿ ಎಳೆದಾಗ ಮಿನುಗಲು ಶುರು ಮಾಡುತ್ತದೆ.

ಆ ಪಟ್ಟಿಯಲ್ಲಿ ಪ್ರತಿ ಎಲ್‌ಇಡಿಯ ಒಳಗಿನ ಚಿಪ್ ತನ್ನ ಪಾಲಿನ 24 ಬಿಟ್ ಇಟ್ಟುಕೊಂಡು ಉಳಿದದ್ದನ್ನು ಹೊಸದಾಗಿ 5 ವೋಲ್ಟಿಗೆ ಎತ್ತಿ ಮುಂದಕ್ಕೆ ಕಳಿಸುತ್ತದೆ. ಹಾಗಾಗಿ ಎರಡನೆಯ ಎಲ್‌ಇಡಿಯಿಂದ ಮುಂದೆ ಮಾರ್ಜಿನ್ ಚೆನ್ನಾಗಿದೆ. ಅಪಾಯ ಇರುವುದು ಬೋರ್ಡ್ ಮತ್ತು ಮೊದಲನೆಯ ಎಲ್‌ಇಡಿ ನಡುವೆ ಮಾತ್ರ. ಮೊದಲನೆಯದು ತಪ್ಪು ಓದಿದರೆ ಆ ತಪ್ಪನ್ನೇ ಶುದ್ಧವಾದ 5 ವೋಲ್ಟಿನಲ್ಲಿ ಎಲ್ಲರಿಗೂ ಹಂಚುತ್ತದೆ. ನಡುವೆ ಒಂದು 74HCT125ಯನ್ನು 5 ವೋಲ್ಟ್ ಸಪ್ಲೈಯಿಂದ ಓಡಿಸಿ ಇಡಿ. ಅದರ ಷರತ್ತು 2.0, ಬೋರ್ಡ್ ಕೊಟ್ಟ ಮಾತು 2.64, ಮಾರ್ಜಿನ್ 0.64. ಆ ಚಿಪ್ಪನ್ನು ಬೋರ್ಡಿನ ಪಕ್ಕದಲ್ಲೇ ಇಡಿ. ಉದ್ದ ತಂತಿಯ ಮೇಲೆ ಹೋಗುವುದು 5 ವೋಲ್ಟಿನ ಸಿಗ್ನಲ್ ಆಗಲಿ. ಬೋರ್ಡಿನ ಪಿನ್ನಿಗೆ 5 ವೋಲ್ಟಿನಿಂದ ಪುಲ್‌ಅಪ್ ಮಾತ್ರ ಹಾಕಬೇಡಿ, 3.3ರ ಪಿನ್ನಿಗೆ ಅದು ಪೆಟ್ಟು.

ಕೊನೆಗೆ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆ ಬಹಳ ಒಳ್ಳೆಯದು, ಅದನ್ನೂ ಇಲ್ಲಿ ಸೇರಿಸುತ್ತೇನೆ. "ಸಾರ್, ಕೇಳುವ ಚಿಪ್ಪಿನ ಹೊಸಿಲನ್ನು ಇಳಿಸುವ ಬದಲು ಕಳಿಸುವ ಚಿಪ್ಪನ್ನೇ 74HC244 ಮಾಡಿದ್ದರೆ ಹೈ ಇನ್ನೂ ಮೇಲೆ ಹೋಗುತ್ತಿತ್ತಲ್ಲ?"

ಹೈ ಹೋಗುತ್ತಿತ್ತು, ನಿಜ. ಆ ಟರ್ಮಿನೇಟರನ್ನು ಮೀರಿ 4 ವೋಲ್ಟಿನ ಸುತ್ತ ನಿಲ್ಲುತ್ತಿತ್ತು. ಲೋ ಕಡೆ ನೋಡಿ. 220 ಮತ್ತು 330 ಓಮ್ ಜೋಡಿ, ಗೆರೆಯ ಕಣ್ಣಿಗೆ 132 ಓಮ್ ಮೂಲಕ ಬರುವ 3 ವೋಲ್ಟಿನಂತೆ. HC244 ಮಾತು ಕೊಟ್ಟಿರುವುದು 6 ಮಿಲಿಆಂಪ್ ಎಳೆದರೆ 0.33 ವೋಲ್ಟ್, ಅಂದರೆ ಕೆಟ್ಟ ಸಂದರ್ಭದಲ್ಲಿ ಅದರ ಒಳಗೆ ಸುಮಾರು 55 ಓಮ್. ಎರಡನ್ನೂ ಕೂಡಿಸಿದರೆ ಹರಿಯುವುದು 16 ಮಿಲಿಆಂಪ್, ಲೋ ಮಟ್ಟ 0.88 ವೋಲ್ಟ್. ಟಿಟಿಎಲ್ ಷರತ್ತು 0.8. ಮೇಲಿನ ಮಾರ್ಜಿನ್ ಸರಿಮಾಡಲು ಹೋಗಿ ಕೆಳಗಿನದು ಮೈನಸ್ ಆಗುತ್ತಿತ್ತು. ಆ ತುದಿಯಲ್ಲಿ HC374 ಇದ್ದಿದ್ದರೆ ಅದರ VIL 1.5, ಹಾಗಾಗಿ ವೋಲ್ಟೇಜ್ ಲೆಕ್ಕದಲ್ಲಿ ಪಾರಾಗಬಹುದಿತ್ತು. ಆದರೆ ಎಂಟೂ ಗೆರೆ ಒಟ್ಟಿಗೆ ಲೋ ಆದಾಗ 128 ಮಿಲಿಆಂಪ್ ಆ ಚಿಪ್ಪಿನ ಒಂದೇ ಗ್ರೌಂಡ್ ಪಿನ್ನಿನಿಂದ ಹೊರಗೆ ಹೋಗಬೇಕು. ಆ ಪಿನ್ನಿಗೆ ಡೇಟಾಶೀಟ್ ಹಾಕಿರುವ ಗರಿಷ್ಠ ಮಿತಿ 70.

ಅದಕ್ಕೇ 244 ಇನ್ನೂ LS ಆಗಿಯೇ ಇದೆ. 374ರ ಪಕ್ಕದಲ್ಲಿ, ಕಾರ್ಡಿನ ಮೇಲೆ, ಅಳಿಸದ ಶಾಯಿಯಲ್ಲಿ 'HCT ಮಾತ್ರ' ಅಂತ ಬರೆದು ಬಂದಿದ್ದೇನೆ. ಮುಂದೆ ಆ ಕಾರ್ಡನ್ನು ಬಿಚ್ಚುವವರು ಅಂಗಡಿಗೆ ಹೋಗುವ ಮುಂಚೆ ಅದನ್ನು ಓದಲಿ ಅಂತ.